‘ಧಡಾರ್’ ಒಂದೇ ಸದ್ದಾ? ಫೋಲಿ ಪಟ್ಟಿಗೆ ಪದಗಳು ಬೇಕು

ಸುಮಾ:

ಎಲ್ಲರಿಗೂ ನಮಸ್ಕಾರ. ವಿದ್ಯಾರ್ಥಿಗಳ ಕಿರುಚಿತ್ರವೊಂದಕ್ಕೆ ಸದ್ದಿನ ಕೆಲಸ ಮಾಡುತ್ತಿದ್ದೇನೆ. ಒಂದು ದೃಶ್ಯದಲ್ಲಿ ಹುಡುಗಿ ಕಾರಿಡಾರಿನಲ್ಲಿ ಬೇಗ ಬೇಗ ನಡೆದು ಬಂದು, ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಶೂಟಿಂಗ್ ದಿನ ಮೈಕ್ ಇದ್ದದ್ದು ಮಾತಿಗಾಗಿ. ಹಾಗಾಗಿ ಹೆಜ್ಜೆ, ಬಾಗಿಲು ಎರಡನ್ನೂ ಈಗ ಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದೇವೆ.

ನಿರ್ದೇಶಕರು ಕೊಟ್ಟ ಪಟ್ಟಿಯಲ್ಲಿ ‘ಹೆಜ್ಜೆ ಸಪ್ಪಳ, ಟಕಟಕ. ಬಾಗಿಲು, ಧಡಾರ್’ ಅಂತ ಇದೆ. ಬಾಗಿಲನ್ನು ಜೋರಾಗಿ ಹಾಕಿ ರೆಕಾರ್ಡ್ ಮಾಡಿದೆವು. ಚಿತ್ರಕ್ಕೆ ಜೋಡಿಸಿದರೆ ಎಲ್ಲೋ ಹಲಗೆ ಬಿದ್ದ ಹಾಗೆ ಕೇಳುತ್ತದೆ, ಬಾಗಿಲು ಅಂತ ಅನ್ನಿಸುವುದೇ ಇಲ್ಲ. ಬಾಗಿಲಿನ ಸದ್ದನ್ನು ಬಿಡಿಸಿ ಹೇಳುವ ಪದಗಳು ನಮ್ಮಲ್ಲಿ ಇವೆಯಾ? ಪಟ್ಟಿಯಲ್ಲಿ ಏನಂತ ಬರೆದರೆ ರೆಕಾರ್ಡ್ ಮಾಡುವವರಿಗೆ ಕೆಲಸ ಗೊತ್ತಾಗುತ್ತದೆ?

ಮೋಹನ್:

ಪದದ ವಿಷಯ ಆಮೇಲೆ ನೋಡೋಣ. ನಿಮ್ಮ ಸದ್ದಿಗೆ ತೂಕ ಸಾಲದು, ಅಷ್ಟೇ. ಅದನ್ನೇ ಕಾಪಿ ಮಾಡಿ ಒಂದರ ಮೇಲೊಂದು ಎರಡು ಮೂರು ಸಲ ಇಡಿ, ದಪ್ಪ ಆಗುತ್ತದೆ. ಪದರ ಅಂದರೆ ಅದೇ ತಾನೆ? ನಮ್ಮ ಕಾಲೇಜಿನ ನಾಟಕದ ಹಿನ್ನೆಲೆ ಸದ್ದುಗಳನ್ನು ನಾನು ಹೀಗೇ ಮಾಡುತ್ತಿದ್ದೆ.

ಶಾರದಾ:

ನನಗೆ ಬೇರೆಯದೇ ಒಂದು ಸಂಶಯ. ‘ಫೋಲಿ’ ಅಂತ ಕನ್ನಡದಲ್ಲಿ ಬರೆದರೆ ಅರ್ಧ ಜನ ‘ಪೋಲಿ’ ಅಂತ ಓದುತ್ತಾರೆ. ಪೋಲಿ ಸದ್ದು ಅಂದರೆ ಏನಂದುಕೊಳ್ಳಬೇಕು? ಸುಮ್ನೆ ‘ಹಿನ್ನೆಲೆ ಸದ್ದು’ ಅಂದರೆ ಆಗದಾ?

ರಾಘವ:

ಶಾರದಾ ಮೇಡಂ, ಅದು ಜಾಕ್ ಫೋಲಿ ಅನ್ನುವವರ ಹೆಸರು. ಮೂಕಿ ಚಿತ್ರಗಳು ಟಾಕಿಗೆ ತಿರುಗುತ್ತಿದ್ದ ಕಾಲದಲ್ಲಿ ಯೂನಿವರ್ಸಲ್ ಸ್ಟುಡಿಯೋದಲ್ಲಿ ಇದ್ದವರು. ಚಿತ್ರ ನೋಡುತ್ತಾ ಅದಕ್ಕೆ ಸರಿಯಾಗಿ ಹೆಜ್ಜೆ ಹಾಕಿ, ವಸ್ತು ಆಡಿಸಿ ಸದ್ದು ಮಾಡುವುದೇ ಫೋಲಿ. ‘ಹಿನ್ನೆಲೆ ಸದ್ದು’ ಅಂದರೆ ಮಳೆ, ಸಂತೆ, ಟ್ರಾಫಿಕ್ ಕೂಡ ಸೇರಿಬಿಡುತ್ತದೆ. ಅದಕ್ಕೇ ಹೆಸರನ್ನು ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದು.

ಸುಮಾ ಅವರೇ, ಬಾಗಿಲು ಒಂದೇ ಸದ್ದಲ್ಲ. ಹಿಡಿ ತಿರುಗುತ್ತದೆ, ಕೀಲು ಕಿರ್ರೆನ್ನುತ್ತದೆ, ಕದ ಚೌಕಟ್ಟಿಗೆ ಧಡ್ ಅಂತ ಬಡಿಯುತ್ತದೆ, ಚಿಲಕದ ನಾಲಗೆ ಕಟಕ್ ಅಂತ ಕೂರುತ್ತದೆ. ಕೊನೆಗೆ ಚೌಕಟ್ಟೋ ಗಾಜೋ ಒಂದು ಕ್ಷಣ ಅದುರುತ್ತದೆ. ‘ಧಡಾರ್’ ಅನ್ನುವುದು ಇಷ್ಟೂ ಸೇರಿದ ಮೇಲೆ ಕೇಳುವವರಿಗೆ ಅನ್ನಿಸುವುದು. ಇದು ಬಾಗಿಲೇ ಅಂತ ಕಿವಿಗೆ ಹೇಳುವುದು ಹೆಚ್ಚಾಗಿ ಆ ಕಟಕ್. ಜೋರಾಗಿ ಹಾಕಿದಾಗ ಅದು ಧಡ್ ಒಳಗೆ ಮುಳುಗಿಹೋಗುತ್ತದೆ, ನಿಮಗೆ ಹಲಗೆ ಮಾತ್ರ ಉಳಿಯುತ್ತದೆ.

ಹಾಗಾಗಿ ಕಟಕ್ ಬೇರೆ ತೆಗೆದುಕೊಳ್ಳಿ. ಬಾಗಿಲು ತೆರೆದೇ ಇರಲಿ. ನಾಲಗೆಯನ್ನು ಬೆರಳಿನಿಂದ ಒಳಗೆ ಒತ್ತಿ ಬಿಡಿ, ಮೈಕ್ ಒಂದು ಗೇಣು ದೂರದಲ್ಲಿರಲಿ. ಧಡ್‌ಗೆ ಮೈಕನ್ನು ಒಂದೂವರೆ ಮೀಟರ್ ಹಿಂದಕ್ಕೆ ಒಯ್ದು ಗೇನ್ ಇಳಿಸಿ. ಅದು ಅದೇ ಬಾಗಿಲಿನದ್ದೇ ಆಗಬೇಕಂತಿಲ್ಲ, ದಪ್ಪ ಮರದ ಬೀರುವಿನ ಬಾಗಿಲು ಎಷ್ಟೋ ಸಲ ಇದಕ್ಕಿಂತ ಚೆನ್ನಾಗಿ ಬರುತ್ತದೆ.

ಈಗ ಜೋಡಿಸುವುದು. ಕದ ಚೌಕಟ್ಟು ಮುಟ್ಟುವ ಫ್ರೇಮಿನಲ್ಲಿ ಧಡ್ ಶುರುವಾಗಲಿ. ಕಟಕ್ ಅದಾಗಿ 15ರಿಂದ 20 ಮಿಲಿಸೆಕೆಂಡಿಗೆ ಬರಲಿ, ಆಗ ಎರಡೂ ಬೆಸೆದು ಒಂದೇ ಬಾಗಿಲು ಆಗುತ್ತದೆ. 40 ದಾಟಿದರೆ ಎರಡು ಸದ್ದು ಬೇರೆ ಬೇರೆ ಕೇಳಲು ಶುರುವಾಗುತ್ತದೆ. 24 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮ್ ಅಂದರೇ ಸುಮಾರು 42 ಮಿಲಿಸೆಕೆಂಡ್. ಫ್ರೇಮಿಗೆ ಅಂಟಿಸಿಕೊಂಡು ಸರಿಸಿದರೆ ಇದು ಯಾವತ್ತೂ ಕೂರುವುದಿಲ್ಲ, ಆ ಅಂಟು ಬಿಡಿಸಿಯೇ ಸರಿಸಬೇಕು. ಇನ್ನೊಂದು, ಕಟಕ್ ಪದರದಲ್ಲಿ 200 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸಿ. ಅಲ್ಲಿ ಕೋಣೆಯ ಗೊಣಗು ಬಿಟ್ಟರೆ ನಿಮಗೆ ಬೇಕಾದ್ದೇನೂ ಇಲ್ಲ.

ಮೋಹನ್, ಪದರ ಇಡುವುದು ಸರಿ, ಆದರೆ ಕಾಪಿ ಪದರವಲ್ಲ. ಅದೇ ಸದ್ದನ್ನು ಅದರ ಮೇಲೇ ಇಟ್ಟರೆ 6 ಡೆಸಿಬಲ್ ಜೋರಾಗುತ್ತದೆ, ಸದ್ದಿನ ಗುಣ ಹಾಗೇ ಇರುತ್ತದೆ. ಕೆಲವೇ ಮಿಲಿಸೆಕೆಂಡ್ ಜಾರಿದರೂ ಕೊಳವೆಯೊಳಗಿಂದ ಬಂದ ಹಾಗೆ ಟೊಳ್ಳಾಗುತ್ತದೆ. ಎರಡು ಬೇರೆ ಬೇರೆ ಧಡ್ ಸೇರಿಸಿದಾಗಲೂ ಒಂದು ಅಪಾಯ ಇದೆ. ಒಂದರ ಅಲೆ ಏರುವಾಗ ಇನ್ನೊಂದು ಇಳಿಯುತ್ತಿದ್ದರೆ ತಗ್ಗಿನ ಸದ್ದು ಸತ್ತುಹೋಗುತ್ತದೆ. ಎರಡೂ ಸೇರಿ ಒಂದಕ್ಕಿಂತ ತೆಳುವಾಗಿ ಕೇಳಿದರೆ ಇದೇ ಕಾರಣ ಇರಬಹುದು. ಒಂದರ ಪೊಲಾರಿಟಿ ತಿರುಗಿಸಿ ಕೇಳಿ, ಯಾವುದು ತುಂಬಿಕೊಂಡಿದೆಯೋ ಅದನ್ನು ಇಟ್ಟುಕೊಳ್ಳಿ.

ಮೋಹನ್:

ಕಾಪಿ ಮಾಡಿದಾಗ ದಪ್ಪ ಅನ್ನಿಸುತ್ತಿತ್ತಲ್ಲ, ಅದು ಬರೀ ಜೋರಾದದ್ದಕ್ಕಾ? ಹಾಗಿದ್ದರೆ ಎರಡನ್ನೂ ಒಂದೇ ಮಟ್ಟಕ್ಕೆ ಇಳಿಸಿ ಕೇಳಿ ನೋಡಬೇಕು.

ಸುಮಾ:

ಪಟ್ಟಿಯಲ್ಲಿ ಧಡಾರ್ ತೆಗೆದು ‘ಹಿಡಿ, ಧಡ್, ಕಟಕ್, ಗಾಜು ಅದುರು’ ಅಂತ ನಾಲ್ಕು ಸಾಲು ಮಾಡಿದೆ. ಬಾಗಿಲು ಬಾಗಿಲಾಯಿತು, ತುಂಬಾ ಥ್ಯಾಂಕ್ಸ್ ಸರ್. ಕಿರ್ರೆನ್ನುವುದನ್ನು ಕೈಬಿಟ್ಟೆ, ಅಷ್ಟು ಬೇಗ ಹಾಕುವಾಗ ಅದಕ್ಕೆ ಜಾಗವೇ ಸಿಗಲಿಲ್ಲ.

ಈಗ ಹೆಜ್ಜೆ. ‘ಟಕಟಕ’ ಅಂತ ಇದ್ದದ್ದರಿಂದ ನನ್ನ ಗೆಳತಿ ಹಿಮ್ಮಡಿಯ ಶೂ ಹಾಕಿ ನಡೆದಳು. ಸದ್ದು ಚೆನ್ನಾಗಿಯೇ ಇದೆ. ಆದರೆ ಚಿತ್ರದ ಹುಡುಗಿ ಹಾಕಿರುವುದು ಚಪ್ಪಲಿ. ನಿರ್ದೇಶಕರನ್ನು ಕೇಳಿದರೆ, ‘ಟಕಟಕ ಅಂದರೆ ಬೇಗ ಅಂತ ಅರ್ಥ, ಶೂ ಅಂತ ಅಲ್ಲ’ ಅಂದರು.

ವಸುಧಾ:

ಇಬ್ಬರದೂ ಸರಿಯೇ, ಅಲ್ವಾ? ನಮ್ಮ ಈ ಜೋಡಿಪದಗಳಲ್ಲಿ ಎರಡು ಬಗೆ ಇವೆ. ‘ಬಿರಬಿರನೆ ನಡೆದಳು’ ಅಂದರೆ ನಡಿಗೆ ಮಾತ್ರ, ಅದರಲ್ಲಿ ಸದ್ದೇ ಇಲ್ಲ. ‘ಟಪಟಪ’, ‘ಚಪಚಪ’ ಅಂದರೆ ಸದ್ದು ಮುಖ್ಯ, ಕಾಲಲ್ಲಿ ಏನಿದೆ, ನೆಲ ಒದ್ದೆಯಾ ಅನ್ನುವುದೂ ಗೊತ್ತಾಗುತ್ತದೆ. ‘ಟಕಟಕ’, ‘ಸರಸರ’ ಎರಡೂ ಕಡೆ ಸಲ್ಲುತ್ತವೆ. ಪಟ್ಟಿಯಲ್ಲಿ ಎರಡು ಕಾಲಂ ಮಾಡಿ. ನಡಿಗೆಗೆ ‘ಬಿರಬಿರ’, ಸದ್ದಿಗೆ ‘ಟಪಟಪ’. ‘ಸಪ್ಪಳ’ ಮಾತ್ರ ನನಗೆ ಅನುಮಾನ. ನನ್ನ ಕಿವಿಗೆ ಅದು ಮೆಲ್ಲಗಿನ ಸದ್ದು, ಯಾರೋ ಬರುತ್ತಿರುವ ಸುಳಿವು. ಸಿಟ್ಟಿನಲ್ಲಿ ಬರುವವಳಿಗೆ ಹೊಂದುತ್ತದಾ?

ರಾಘವ:

ಎರಡು ಕಾಲಂ ತುಂಬಾ ಉಪಯೋಗದ ಮಾತು. ಹೆಜ್ಜೆ ಹಾಕುವವರಿಗೆ ಬೇಕಾದ್ದೇ ನಡಿಗೆ ಮತ್ತು ನೆಲ.

ಚಪ್ಪಲಿಯಲ್ಲಿ ಒಂದು ಹೆಜ್ಜೆಗೆ ಎರಡು ಸದ್ದು. ಕಾಲು ನೆಲ ಮುಟ್ಟುವುದು ಒಂದು, ಎತ್ತುವಾಗ ಚಪ್ಪಲಿ ಹಿಮ್ಮಡಿಗೆ ಬಡಿಯುವುದು ಇನ್ನೊಂದು. ನಡಿಗೆ ಬೇಗ ಆದಷ್ಟೂ ಇವೆರಡರ ನಡುವಿನ ಬಿಡುವು ಕಡಿಮೆಯಾಗುತ್ತದೆ. ಒಂದೇ ಹೆಜ್ಜೆಯನ್ನು ಕಾಪಿ ಮಾಡುತ್ತಾ ಹೋದರೆ ಈ ಬಿಡುವು ಬದಲಾಗುವುದೇ ಇಲ್ಲ, ಯಂತ್ರ ನಡೆದ ಹಾಗೆ ಕೇಳುತ್ತದೆ. ಚಿತ್ರ ನೋಡುತ್ತಾ ನಿಂತಲ್ಲೇ ಇಡೀ ನಡಿಗೆಯನ್ನು ಒಂದೇ ಟೇಕಿನಲ್ಲಿ ಮಾಡಿ. ಆಮೇಲೆ ತಪ್ಪಿದ ಹೆಜ್ಜೆಗಳನ್ನಷ್ಟೇ ಸರಿಸಿ. ಕಾಲ ಕೆಳಗೆ ಗಟ್ಟಿ ನೆಲ ಇರಲಿ, ಟೊಳ್ಳು ಹಲಗೆಯ ಮೇಲೆ ನಡೆದರೆ ಕಾರಿಡಾರ್ ಹೋಗಿ ನಾಟಕದ ರಂಗ ಆಗುತ್ತದೆ.

ಬಾಗಿಲ ಹತ್ತಿರ ಅವಳು ತಿರುಗುತ್ತಾಳಲ್ಲ, ಅಲ್ಲಿ ಅಟ್ಟೆ ನೆಲಕ್ಕೆ ಉಜ್ಜುವ ಒಂದು ‘ಸರಕ್’ ಬೇಕೇ ಬೇಕು. ಬಟ್ಟೆಯ ಸರಸರವನ್ನು ಬೇರೆ ಪದರವಾಗಿ, ಕೇಳಿಯೂ ಕೇಳದ ಹಾಗೆ ಕೆಳಗೆ ಇಡಿ. ಅದಿಲ್ಲದಿದ್ದರೆ ಬರೀ ಕಾಲುಗಳು ನಡೆದು ಬಂದ ಹಾಗಿರುತ್ತದೆ. ದೂರದ ಹೆಜ್ಜೆಗಳಿಗೆ ವಾಲ್ಯೂಮ್ ಇಳಿಸಿದರೆ ಸಾಲದು. ಹತ್ತಿರದ ಮೈಕಿನ ಸದ್ದು ಎಷ್ಟು ಇಳಿಸಿದರೂ ಹತ್ತಿರದ್ದೇ. ಇನ್ನೊಂದು ಮೈಕನ್ನು ಮೂರ್ನಾಲ್ಕು ಮೀಟರ್ ದೂರ ಇಟ್ಟು ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ. ಅವಳು ಹತ್ತಿರ ಬಂದಂತೆ ಒಂದರಿಂದ ಇನ್ನೊಂದಕ್ಕೆ ಬರಬಹುದು.

‘ಸಪ್ಪಳ’ದ ಬಗ್ಗೆ ವಸುಧಾ ಅವರ ಮಾತನ್ನು ನಾನು ಒಪ್ಪಲಾರೆ. ನಮ್ಮ ಮನೆಯಲ್ಲಿ ಪಾತ್ರೆ ಬಿದ್ದರೂ ಸಪ್ಪಳವೇ.

ಶಾರದಾ:

ನಮ್ಮಲ್ಲೂ ಹಾಗೇ, ‘ಎಷ್ಟು ಸಪ್ಪಳ ಮಾಡ್ತೀಯೋ’ ಅಂತಲೇ ಬೈಯುವುದು. ಹೌದು, ‘ಸರಕ್’ ಅನ್ನು ಪಟ್ಟಿಯಲ್ಲಿ ಹೆಜ್ಜೆಯ ಸಾಲಿಗೆ ಬರೆಯುತ್ತೀರೋ, ಬಾಗಿಲ ಸಾಲಿಗೋ?