ಒಂದೊಂದು ಪಾಲು ಅಂದರೆ ಕೆಜಿ ಲೆಕ್ಕವಾ, ಬಕೆಟ್ ಲೆಕ್ಕವಾ?

ಪ್ರಶ್ನೆ (ಬೆಂಗಳೂರಿನ ಸದಸ್ಯೆ): ಸರ್, ಕೋಕೋಪೀಟ್, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಒಂದೊಂದು ಪಾಲು ಹಾಕಿ ಅಂದಿದ್ದರು. ಮೂರನ್ನೂ 5 ಕೆಜಿ ತೂಗಿ ಕಲಸಿ, 12 ಇಂಚಿನ ನಾಲ್ಕು ಗ್ರೋ ಬ್ಯಾಗ್ ತುಂಬಿದೆ. ಟೊಮೆಟೊ ಸಸಿ ನೆಟ್ಟು ಮೂರು ವಾರ ಆಯಿತು. ಬೆಳವಣಿಗೆಯೇ ಇಲ್ಲ, ಕೆಳಗಿನ ಎಲೆ ಹಳದಿಯಾಗಿವೆ. ಮೇಲೆ ಒಣಗಿದಂತೆ ಕಾಣುತ್ತದೆ ಅಂತ ದಿನಾ ನೀರು ಹಾಕುತ್ತಿದ್ದೇನೆ. ಎಲ್ಲಿ ತಪ್ಪಿದೆ?

ಮೈಸೂರಿನ ಸದಸ್ಯರು: ಕೋಕೋಪೀಟ್ ತೊಳೆದಿರಲಿಕ್ಕಿಲ್ಲ. ಅದರಲ್ಲಿ ಉಪ್ಪು ಇರುತ್ತದೆ, ಅದಕ್ಕೇ ಹಳದಿ. ಮೂರು ಸಲ ತೊಳೆದರೆ ಎಲ್ಲಾ ಸರಿಹೋಗುತ್ತದೆ.

ನರ್ಸರಿಯವರ ಉತ್ತರ: ಉಪ್ಪಿನ ಮಾತು ಸುಳ್ಳಲ್ಲ, ಆದರೆ ಇಲ್ಲಿ ಕಾರಣ ಅದಲ್ಲ ಅನ್ನಿಸುತ್ತದೆ. ಉಪ್ಪು ಜಾಸ್ತಿ ಆದರೆ ಮೊದಲು ಎಲೆಯ ಅಂಚು, ತುದಿ ಸುಟ್ಟ ಹಾಗೆ ಕಂದಾಗುತ್ತವೆ. ಹಳೆಯ ಕೆಳ ಎಲೆ ಇಡೀ ಹಳದಿಯಾಗಿ, ಗಿಡ ನಿಂತಲ್ಲೇ ನಿಂತರೆ ಅದು ಸಾರಜನಕದ ಹಸಿವು. ಮೇಡಂ, ನಿಮ್ಮ ತಪ್ಪು ತಕ್ಕಡಿಯಲ್ಲಿದೆ.

5 ಕೆಜಿ ಕೋಕೋಪೀಟ್ ಇಟ್ಟಿಗೆ ನೀರು ಕುಡಿದು ಉಬ್ಬಿದರೆ ಸುಮಾರು 60-70 ಲೀಟರ್ ಆಗುತ್ತದೆ. 20 ಲೀಟರ್ ಪೇಂಟ್ ಬಕೆಟ್ ಹಿಡಿದರೆ ಮೂರು ಬಕೆಟ್ ಮೇಲೆ. ನೀವು ಹಾಕಿದ 5 ಕೆಜಿ ಮಣ್ಣು ಅದೇ ಬಕೆಟ್‌ನ ತಳದಲ್ಲಿ ನಾಲ್ಕು ಬೆರಳೂ ಬರುವುದಿಲ್ಲ. ಗೊಬ್ಬರ ಅರ್ಧ ಬಕೆಟ್ ಅಷ್ಟೇ. ಅಂದರೆ ನಿಮ್ಮ ಬ್ಯಾಗಿನಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ಕೋಕೋಪೀಟ್. ಅದು ನೀರು ಹಿಡಿಯುತ್ತದೆಯೇ ಹೊರತು ಗಿಡಕ್ಕೆ ಊಟ ಕೊಡುವುದಿಲ್ಲ. ಪಾಲು ಅಂದರೆ ಯಾವಾಗಲೂ ಬಕೆಟ್ ಲೆಕ್ಕ, ಅದೂ ಇಟ್ಟಿಗೆ ನೆನೆದು ಉಬ್ಬಿದ ಮೇಲೆ.

ದಿನಾ ನೀರು ಹಾಕಿದ್ದೂ ಜಾಸ್ತಿ ಆಯಿತು. ಕೋಕೋಪೀಟ್ ಮೇಲೆ ತಿಳಿ ಬಣ್ಣಕ್ಕೆ ತಿರುಗಿದರೂ ಒಳಗೆ ಒದ್ದೆ ಇರುತ್ತದೆ. ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ. ತಣ್ಣಗೆ ಅಂಟಿದರೆ ಆ ದಿನ ನೀರು ಬೇಡ.

ಈಗ ಹೀಗೆ ಮಾಡಿ. ಸಂಜೆ ಹೊತ್ತು ಸಸಿಗಳನ್ನು ಬೇರಿನ ಹೆಂಟೆ ಸಮೇತ ಎತ್ತಿ ನೆರಳಿನಲ್ಲಿಡಿ. ಮಿಶ್ರಣವನ್ನು ಟಾರ್ಪಾಲ್ ಮೇಲೆ ಸುರಿದು ಅರ್ಧ ಎತ್ತಿಟ್ಟುಬಿಡಿ, ಮುಂದಿನ ಸಲಕ್ಕೆ ಆಗುತ್ತದೆ. ಉಳಿದ ಅರ್ಧಕ್ಕೆ ಜರಡಿ ಹಿಡಿದ ಕೆಂಪು ಮಣ್ಣು ಒಂದೂಕಾಲು ಬಕೆಟ್, ಗೊಬ್ಬರ ಒಂದೂಕಾಲು ಬಕೆಟ್ ಸೇರಿಸಿ. ಮೂರೂ ಹತ್ತಿರ ಹತ್ತಿರ ಸಮ ಆಗುತ್ತವೆ. ಪಾಯ ತೆಗೆದ ಮಣ್ಣು ಬೇಡ, ಅದು ಬ್ಯಾಗಿನಲ್ಲಿ ಇಟ್ಟಿಗೆ ಹಾಗೆ ಕೂರುತ್ತದೆ.

ಇಷ್ಟು ಗೊಬ್ಬರ ಹಾಕುವಾಗ ಅದು ಪೂರ್ತಿ ಕಳಿತಿರಲೇಬೇಕು. ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ. ಮೂರು ದಿನ ಬಿಟ್ಟು ಬಿಚ್ಚಿ ಮೂಸಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಹಾಕಬಹುದು. ಗಂಜಲದ ಘಾಟು ಮೂಗಿಗೆ ಹೊಡೆದರೆ ಇನ್ನೂ ಹಸಿ, ಬೇರು ಸುಡುತ್ತದೆ. ಆದ್ದರಿಂದ ಸಸಿ ಎತ್ತುವ ಮೊದಲೇ ಇದನ್ನು ನೋಡಿಕೊಳ್ಳಿ.

ಹುಬ್ಬಳ್ಳಿಯ ಸದಸ್ಯರು: ನಮ್ಮದು ಎರೆ ಮಣ್ಣು. ನಾನೂ ಒಂದೊಂದು ಬಕೆಟ್ ಲೆಕ್ಕದಲ್ಲೇ ಹಾಕಿದ್ದೆ. ಒಣಗಿದಾಗ ಬ್ಯಾಗಿನ ಅಂಚು ಬಿಟ್ಟು ಬಿರುಕು ಬಿಡುತ್ತದೆ, ಹಾಕಿದ ನೀರೆಲ್ಲ ಪಕ್ಕದಿಂದ ಇಳಿದುಹೋಗುತ್ತದೆ. ತೂಕದ ಲೆಕ್ಕ ತಪ್ಪು ಅಂದರೆ ನಾನು ಯಾವ ಲೆಕ್ಕ ಹಿಡಿಯಲಿ?

ನರ್ಸರಿಯವರು: ನಿಮ್ಮ ಲೆಕ್ಕ ಸರಿ ಇದೆ ಸರ್, ಮಣ್ಣು ಬೇರೆ. ಸಮಪಾಲು ಹೇಳಿದ್ದು ಕೆಂಪು ಮಣ್ಣಿಗೆ. ಎರೆ ಮಣ್ಣಾದರೆ ಅರ್ಧ ಪಾಲು ಸಾಕು, ಇನ್ನರ್ಧ ದಪ್ಪ ಮರಳು ಹಾಕಿ.

ಮಂಗಳೂರಿನ ಸದಸ್ಯೆ: ನಾನು ಮಣ್ಣೇ ಹಾಕುವುದಿಲ್ಲ. ಬರೀ ಕೋಕೋಪೀಟ್, ಎರೆಹುಳು ಗೊಬ್ಬರ, ವಾರಕ್ಕೊಮ್ಮೆ ದ್ರವ ಗೊಬ್ಬರ. ಬೆಂಡೆ, ಬದನೆ ಚೆನ್ನಾಗಿ ಬರುತ್ತವೆ. ತಾರಸಿಗೆ ಭಾರ ಕಡಿಮೆ ಅಲ್ವಾ?

ನರ್ಸರಿಯವರು: ವಾರ ತಪ್ಪದೆ ಊಟ ಕೊಟ್ಟರೆ ಬರುತ್ತದೆ. ಎರಡು ವಾರ ಊರಿಗೆ ಹೋದವರ ಗಿಡ ಸೊರಗಿದ್ದನ್ನೂ ನೋಡಿದ್ದೇನೆ, ಹಾಗಾಗಿ ನಾನು ಮಣ್ಣಿನ ಕಡೆ. ಭಾರದ ಮಾತು ಮಾತ್ರ ನಿಜ. ನೀರು ಕುಡಿದ ಒಂದು ಬ್ಯಾಗ್ 15 ಕೆಜಿ ದಾಟುತ್ತದೆ. ಹಳೆಯ ತಾರಸಿಯಾದರೆ ಬ್ಯಾಗುಗಳನ್ನು ನಡುವೆ ಗುಂಪು ಮಾಡದೆ ಗೋಡೆ, ತೊಲೆಯ ಮೇಲೆ ಬರುವ ಹಾಗೆ ಇಡಿ.

ಮೈಸೂರಿನ ಸದಸ್ಯರು: ಹಾಗಾದರೆ ತೊಳೆಯುವುದೇ ಬೇಡವಾ?

ನರ್ಸರಿಯವರು: ಬೇಕು. ನಾರು ಬಿಡಿಸಲು ತೆಂಗಿನ ಸಿಪ್ಪೆಯನ್ನು ಉಪ್ಪು ಹಿನ್ನೀರಿನಲ್ಲಿ ಕೊಳೆಹಾಕಿದ್ದರೆ ಆ ಉಪ್ಪು ಪುಡಿಗೂ ಬಂದಿರುತ್ತದೆ. ಗೋಣಿಚೀಲಕ್ಕೆ ಹಾಕಿ ನೆನೆಸಿ, ಹಿಂಡಿ, ನೀರು ಚೆಲ್ಲಿ. ಮನೆಯಲ್ಲಿ ಟಿಡಿಎಸ್ ಮೀಟರ್ ಇದ್ದರೆ ನಲ್ಲಿ ನೀರನ್ನೂ ಹಿಂಡಿದ ನೀರನ್ನೂ ಅಳೆದು ನೋಡಿ. ಎರಡೂ ಹತ್ತಿರ ಬರುವ ತನಕ ತೊಳೆಯಿರಿ. ಬೋರ್‌ವೆಲ್ ನೀರೇ ಗಡಸಾಗಿದ್ದರೆ ಮಳೆ ನೀರಿನಲ್ಲಿ ತೊಳೆಯುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು: ಸರ್, ಗೊಬ್ಬರದ ಕವರ್ ಇವತ್ತು ಬಿಚ್ಚಿದೆ. ಗಂಜಲದ ಘಾಟು ಇದೆ. ಇನ್ನೆಷ್ಟು ದಿನ ಬಿಡಲಿ?

ನರ್ಸರಿಯವರು: ದಿನ ಹೇಳಲು ಬರುವುದಿಲ್ಲ ಮೇಡಂ. ನೆರಳಿನಲ್ಲಿ ರಾಶಿ ಹಾಕಿ, ಒದ್ದೆ ಆರದಂತೆ ನೋಡಿಕೊಂಡು ವಾರಕ್ಕೊಮ್ಮೆ ತಿರುವಿ, ಮತ್ತೆ ಕವರ್ ಕಟ್ಟಿ ನೋಡಿ. ಅಲ್ಲಿಯವರೆಗೆ ಸಸಿ ಎತ್ತಬೇಡಿ. ಪ್ರತಿ ಬ್ಯಾಗಿಗೆ ಎರಡು ಹಿಡಿ ಎರೆಹುಳು ಗೊಬ್ಬರ ಮೇಲೆ ಹಾಕಿ ಕೆದಕಿ, ನೀರು ಕಡಿಮೆ ಮಾಡಿ.