ಸಹಾಯ ಬೇಕು: ಪೂರಿ ಕುಡಿದ ಎಣ್ಣೆಯ ಲೆಕ್ಕ ಸರಿಯಾಗಿ ಹಿಡಿಯೋದು ಹೇಗೆ?

ಒಗ್ಗರಣೆ, ದೋಸೆಗೆ ಹಾಕೋ ಎಣ್ಣೆ-ತುಪ್ಪದ ಲೆಕ್ಕ ಸುಲಭ. ಡಬ್ಬಿಯನ್ನ ಅಡುಗೆಗೆ ಮುಂಚೆ, ಆಮೇಲೆ ತೂಗಿದರೆ ವ್ಯತ್ಯಾಸವೇ ಉತ್ತರ. ಸಿಕ್ಕಿಹಾಕಿಕೊಂಡಿರೋದು ಪೂರಿಯಲ್ಲಿ.

ಕರಿದ ಪೂರಿಯನ್ನೇ ತೂಗಿದರೆ ಪ್ರಯೋಜನ ಇಲ್ಲ. ಹಿಟ್ಟಿನ ನೀರು ಆವಿಯಾಗಿ ಹೋಗುತ್ತೆ, ಎಣ್ಣೆ ಒಳಗೆ ಸೇರುತ್ತೆ, ಎರಡೂ ಬೆರೆತುಹೋಗುತ್ತೆ. ಹಾಗಾಗಿ ಎಣ್ಣೆ ಸಮೇತ ಬಾಣಲೆಯನ್ನೇ ತೂಗಿದೆ. ಮೊದಲು 1,240 ಗ್ರಾಂ, 16 ಪೂರಿ ಕರಿದು ಪೂರ್ತಿ ತಣ್ಣಗಾದ ಮೇಲೆ 1,150. ಕಡಿಮೆಯಾದದ್ದು 90 ಗ್ರಾಂ. ಪೂರಿ ಇಟ್ಟಿದ್ದ ಪೇಪರ್ 8 ಗ್ರಾಂ ಹೆಚ್ಚಾಗಿತ್ತು, ಅದನ್ನ ಕಳೆದರೆ 82. ಅಂದರೆ ಪೂರಿಗೆ ಸುಮಾರು 5 ಗ್ರಾಂ ಎಣ್ಣೆ. ಗ್ರಾಂಗೆ 9 ಕ್ಯಾಲೊರಿಯಂತೆ ಎಣ್ಣೆಯಿಂದಲೇ ಒಂದಕ್ಕೆ 46 ಕ್ಯಾಲೊರಿ.

ಗೊಂದಲ ಇಲ್ಲಿದೆ: ಲಟ್ಟಿಸುವಾಗ ಉದುರಿಸಿದ ಒಣಹಿಟ್ಟು ಬಾಣಲೆ ತಳದಲ್ಲಿ ಕಪ್ಪಗೆ ಕೂತಿದೆ. ಅದರ ತೂಕವೂ 1,150ರಲ್ಲಿ ಸೇರಿರೋದರಿಂದ ಪೂರಿ ಕುಡಿದ ಎಣ್ಣೆ ಕಡಿಮೆ ಅಂತ ಕಾಣುತ್ತೆ. ಸೋಸಿ ತೂಗೋಣ ಅಂದರೆ ಆ ಗಷ್ಟಿನಲ್ಲೇ ಎಣ್ಣೆ ಉಳಿಯುತ್ತೆ, ಆಗ ಲೆಕ್ಕ ಜಾಸ್ತಿ ಬರುತ್ತೆ.

ಒಣಹಿಟ್ಟಿನ ಬದಲು ಎಣ್ಣೆ ಸವರಿ ಲಟ್ಟಿಸಿ, ಆ ಎಣ್ಣೆಯನ್ನ ಬೇರೆ ತೂಗಿ ಸೇರಿಸೋದು ಸರೀನಾ, ಅಥವಾ ಗಷ್ಟಿನಲ್ಲಿರೋ ಎಣ್ಣೆಯನ್ನ ಮನೆಯಲ್ಲೇ ಅಳೆಯೋ ದಾರಿ ಇದೆಯಾ?