ಕಳೆಯುವ ಕಡೆ ಕೂಡಿದ್ದಾನೆ, ಆದರೆ ಕೂಡಿದ್ದು ಸರಿಯಿದೆ. ಅಂಕ ಎಷ್ಟು?

ಪ್ರಶ್ನೆ (4ನೇ ತರಗತಿ ಟೀಚರ್): ಗೌರಿಯ ಹತ್ತಿರ 52 ಹುಣಸೆ ಬೀಜ ಇವೆ, ಅದು ಸಲೀಮನ ಹತ್ತಿರ ಇರುವುದಕ್ಕಿಂತ 19 ಹೆಚ್ಚು, ಸಲೀಮನ ಹತ್ತಿರ ಎಷ್ಟಿವೆ? ಇದು ಲೆಕ್ಕ. ಹುಡುಗ 52 + 19 = 71 ಬರೆದು, ದಶಕ ಮೇಲೆ ಹಾಕಿ, ಗೆರೆ ಎಳೆದು ಮುದ್ದಾಗಿ ಮಾಡಿದ್ದಾನೆ. 3 ಅಂಕದ್ದು. ಸೊನ್ನೆ ಹಾಕಲು ಮನಸ್ಸು ಬರುತ್ತಿಲ್ಲ.

ಒಬ್ಬ ಸರ್: ಒಂದೂವರೆ ಕೊಡಿ ಮೇಡಂ. ಲೆಕ್ಕ ತಪ್ಪಿಲ್ಲ ಅಲ್ವಾ, ಚಿಹ್ನೆ ಒಂದೇ ತಪ್ಪು.

ಒಬ್ಬರು ತಾಯಿ: ನನ್ನ ಮಗಳು ಸರಿಯಾಗಿ ಕಳೆಯಲು ಹೊರಟು ಉತ್ತರ ತಪ್ಪಿದ್ದಕ್ಕೆ ಪೂರ್ತಿ ಸೊನ್ನೆ ಹಾಕಿದ್ದರು!

ಗಣಿತದ ಹಿರಿಯ ಟೀಚರ್: ಅಮ್ಮ, ನಿಮ್ಮ ಮಗಳದ್ದು ಇದರ ಉಲ್ಟಾ. ಅವಳಿಗೆ ಲೆಕ್ಕ ಅರ್ಥವಾಗಿತ್ತು, ಅಂಕ ಸಿಗಬೇಕಿತ್ತು.

ಇಲ್ಲಿ ಸರ್ ಹೇಳಿದ್ದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 52ರಲ್ಲಿ 19 ಕಳೆಯಬೇಕಾದರೆ 2ರಲ್ಲಿ 9 ಹೋಗುವುದಿಲ್ಲ, ದಶಕ ಬಿಡಿಸಬೇಕು. ಈ ಲೆಕ್ಕದ ಕಷ್ಟ ಇರುವುದೇ ಅಲ್ಲಿ. ಅವನು ಕೂಡಿದ್ದರಿಂದ ಆ ಕಷ್ಟವನ್ನು ಮುಟ್ಟಲೇ ಇಲ್ಲ, ಹಾಗಾಗಿ ಅವನಿಗೆ ಕಳೆಯಲು ಬರುತ್ತದೋ ಇಲ್ಲವೋ ಈ ಹಾಳೆಯಿಂದ ಗೊತ್ತಾಗುವುದಿಲ್ಲ. ನಾನಾಗಿದ್ದರೆ 0 ಹಾಕಿ, ಪಕ್ಕದಲ್ಲಿ "ಕೂಡಿದ್ದು ಸರಿ. ಯಾರ ಹತ್ತಿರ ಜಾಸ್ತಿ?" ಅಂತ ಬರೆಯುತ್ತಿದ್ದೆ. ಎರಡು ಹಂತದ ಲೆಕ್ಕ ಆಗಿದ್ದು, ಮೊದಲ ಹಂತದಲ್ಲಿ ಎಡವಿ, ಆ ತಪ್ಪು ಸಂಖ್ಯೆ ಹಿಡಿದು ಎರಡನೆಯದನ್ನು ಸರಿಯಾಗಿ ಮಾಡಿದ್ದರೆ ಆ ಹಂತದ ಅಂಕ ಖಂಡಿತ ಕೊಡುತ್ತೇನೆ.

ಅಂಕ ಹಾಕಿ ಸುಮ್ನೆ ಬಿಡಬೇಡಿ. ಹುಡುಗನನ್ನು ಕರೆದು ಎರಡು ಕೆಲಸ ಮಾಡಿಸಿ. ಮೊದಲು ಬರೀ 52 − 19 ಕೊಡಿ. 47 ಅಂತ ಬಂದರೆ 9ರಲ್ಲಿ 2 ಕಳೆದಿದ್ದಾನೆ ಅಂತ ಅರ್ಥ, ಕಳೆಯುವುದೇ ಬರುವುದಿಲ್ಲ, ಅದಕ್ಕೇ ಕೂಡುವ ಕಡೆ ಜಾರಿರಬಹುದು. 33 ಬಂದರೆ ತೊಂದರೆ ಮಾತಿನಲ್ಲಿದೆ. ಆಗ ಅದೇ ಲೆಕ್ಕವನ್ನು "ಸಲೀಮನ ಹತ್ತಿರ ಗೌರಿಗಿಂತ 19 ಕಡಿಮೆ" ಅಂತ ತಿರುಗಿಸಿ ಕೇಳಿ. ತಟ್ಟನೆ ಕಳೆದರೆ "ಹೆಚ್ಚು" ಕಂಡಾಗ ಕೂಡು, "ಕಡಿಮೆ" ಕಂಡಾಗ ಕಳೆ ಅಂತ ಪದ ನೋಡಿ ಮಾಡುತ್ತಿದ್ದಾನೆ. ಆ ಅಭ್ಯಾಸ ಬಹಳ ಸಲ ನಾವೇ ಹಚ್ಚಿರುತ್ತೇವೆ, ಬೋರ್ಡ್ ಮೇಲೆ ಪದಗಳ ಪಟ್ಟಿ ಬರೆದು.

ಪ್ರಶ್ನೆ ಕೇಳಿದವರು: ಮಾಡಿಸಿದೆ. 33 ಬಂತು, "ಕಡಿಮೆ" ಅಂದಾಗ ತಕ್ಷಣ ಕಳೆದ. ಪಟ್ಟಿ ಬರೆದವಳು ನಾನೇ 😅 ಎರಡು ಉದ್ದ ಗೆರೆ ಎಳೆಸಿ, ಗೌರಿಯದು ಉದ್ದವೋ ಸಲೀಮನದೋ ಅಂದೆ. "ಅಯ್ಯೋ, 71 ಹೇಗಾಗುತ್ತೆ" ಅಂತ ತಾನೇ ಹೊಡೆದು ಹಾಕಿದ.

ಒಬ್ಬ ಸರ್: ಅಂದರೆ ಕಳೆಯುವುದು ಬರುತ್ತದೆ! ಈಗಲಾದರೂ 1 ಕೊಡಿ.

ಗಣಿತದ ಹಿರಿಯ ಟೀಚರ್: ಹಾಳೆಯಲ್ಲಿ ಇಲ್ಲವಲ್ಲ ಸರ್. ಕೊಡುವುದಾದರೆ ಇದೇ ತಪ್ಪು ಮಾಡಿದ ಉಳಿದ ಮಕ್ಕಳಿಗೂ ಕೊಡಬೇಕು.